ಅಲ್ಲಾಡುವ ಹಲ್ಲು, ಎದುರಿನ ಅಂಗಡಿ

ನವೆಂಬರ್ 4, ಮಂಗಳವಾರ. ಬೆಳಗ್ಗೆ 8
ಬಾಗಿಲು ತೆರೆದೆ. ಕಸ ಗುಡಿಸಿ ಊದುಬತ್ತಿ ಹಚ್ಚಿದೆ. ಎದುರಿನವನು ಆಗಲೇ ಕೂತಿದ್ದಾನೆ. ಷಣ್ಮುಖಪ್ಪ. ನನ್ನ ಹೆಂಡತಿ ಕಸ್ತೂರಿಯ ತಂಗಿಯ ಗಂಡ. ಇಡೀ ನಲ್ಲೂರಿನಲ್ಲಿ ಬೇರೆ ಜಾಗ ಸಿಗಲಿಲ್ಲವೇನೋ ಪಾಪ, ಹನ್ನೆರಡು ವರ್ಷದ ಹಿಂದೆ ನನ್ನ ಮೂಗಿನ ಮುಂದೆಯೇ ಅಂಗಡಿ ಹಾಕಿದ. ನಾನು ಕಿರಾಣಿ ಮಾರಿ ಅಡಿಕೆ ಕೊಳ್ಳುತ್ತೇನೆ. ಅವನೂ ಅದನ್ನೇ. ಬೆಳಗಿನಿಂದ ಸಂಜೆಯವರೆಗೆ ನಗುತ್ತಾನೆ. ಮೂವತ್ತೆರಡೂ ಕಾಣುವ ಹಾಗೆ.
ಬಲಗಡೆ ಕೆಳದವಡೆಯ ಹಲ್ಲು ಸ್ವಲ್ಪ ಅಲ್ಲಾಡುತ್ತಿದೆ. ಹುಳುಕಿಲ್ಲ, ನೋವಿಲ್ಲ. ಹುಳುಕಿದ್ದರೆ ತಾನೇ ಡಾಕ್ಟರು.

ನವೆಂಬರ್ 9, ಭಾನುವಾರ
ದ್ಯಾಮಮ್ಮಜ್ಜಿ ಅರ್ಧ ಚೀಲ ಅಡಿಕೆ ತಂದಿದ್ದಳು. ಎಲ್ಲರೂ ಅಡಕತ್ತರಿಯಲ್ಲಿ ಕತ್ತರಿಸಿ ನೋಡುತ್ತಾರೆ. ನಮ್ಮಪ್ಪ ಹಲ್ಲಿನಲ್ಲಿ ನೋಡುತ್ತಿದ್ದ, ನಾನೂ ಹಾಗೇ. ಒಂದು ಹೋಳು ದವಡೆಗೆ ಇಟ್ಟು ಕಡಿಯುವುದು. ಒಣಗಿದ್ದರೆ ಟಕ್ ಎನ್ನುತ್ತದೆ. ಹಸಿ ಉಳಿದಿದ್ದರೆ ಶಬ್ದ ಹೊರಗೆ ಬರುವುದೇ ಇಲ್ಲ. ಆಮೇಲೆ ಒಗರು ನೋಡಲು ನಾಲಿಗೆ ಇದೆ. "ಮೆಷಿನ್ ಗಿಷಿನ್ ಬ್ಯಾಡ ಮುರುಗೇಶಪ್ಪ, ನಿನ್ ಬಾಯಾಗೆ ಹಾಕ್ಕೊಂಡು ಹೇಳು" ಎನ್ನುತ್ತಾಳೆ ಅಜ್ಜಿ. ಈ ಊರಲ್ಲಿ ನನಗಿರುವ ಮರ್ಯಾದೆ ಅಷ್ಟೇ, ಈ ದವಡೆಯದು.
ಇವತ್ತು ಬಲಗಡೆ ಕಡಿದೆ. ಹಲ್ಲು ಒಳಕ್ಕೆ ಕೂತ ಹಾಗಾಯಿತು. ಜೀವ ಝಲ್ ಎಂದಿತು. ಮುಖದಲ್ಲಿ ಏನೂ ತೋರಿಸಲಿಲ್ಲ.
ಎದುರಿನವನು ನೋಡುತ್ತಿದ್ದ. ಯಾವಾಗಲೂ ನೋಡುತ್ತಾನೆ.

ನವೆಂಬರ್ 20
ಈಗ ಎಡಗಡೆಯೇ ಕಡಿಯುವುದು. ಬಲಗಡೆ ಒಸಡಿಗೆ ಲವಂಗ ಒತ್ತಿಡುತ್ತೇನೆ, ಕೆಲವು ಸಲ ಹೊಗೆಸೊಪ್ಪಿನ ಚೂರು. ತಿಕ್ಕುವಾಗ ರಕ್ತ. ಬಾಯಿ ವಾಸನೆ ಎಂದು ಕಸ್ತೂರಿ ಮುಖ ತಿರುಗಿಸಿದಳು.
"ತೋರ್ಸಿಕೊಂಡು ಬರ್ರಿ ಅಂತ ಎಷ್ಟು ಸಲ ಹೇಳ್ಲಿ? ಷಣ್ಮುಖಪ್ಪನ್ನ ನೋಡ್ರಿ, ನಿಮಗಿಂತ ಎರಡೇ ವರ್ಷ ಸಣ್ಣೋನು. ಹಲ್ಲು ಹೆಂಗೆ ಮುತ್ತಿನಂಗೆ ಅದಾವೆ."
ಮುತ್ತಂತೆ! ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಯಾವ ಅಂಗವನ್ನೂ ಯಾವುದಕ್ಕೂ ಹೋಲಿಸಲಿಲ್ಲ ಇವಳು. ಊಟ ಬಿಟ್ಟು ಎದ್ದೆ. ಹೇಗೂ ಅಗಿಯಲು ಆಗುತ್ತಿರಲಿಲ್ಲ, ಅದು ಬೇರೆ ವಿಷಯ.

ಡಿಸೆಂಬರ್ 5
ಹಲ್ಲನ್ನು ನಾಲಿಗೆಯಲ್ಲಿ ತಳ್ಳಿದರೆ ಅತ್ತ ಇತ್ತ ಹೋಗುತ್ತದೆ. ದಿನಕ್ಕೆ ನೂರು ಸಲ ತಳ್ಳುತ್ತೇನೆ. ಬಿಡಬೇಕು ಅಂದುಕೊಂಡಷ್ಟೂ ನಾಲಿಗೆ ಅಲ್ಲೇ.
ಡಾಕ್ಟರ ಹತ್ತಿರ ಹೋದರೆ ಕೀಳುತ್ತಾರೆ. ಕಿತ್ತರೆ ಊರಿಗೆಲ್ಲ ಗೊತ್ತಾಗುತ್ತದೆ. ಮುರುಗೇಶಪ್ಪನ ಹಲ್ಲು ಹೋಯಿತು, ಇನ್ನು ಷಣ್ಮುಖಪ್ಪನ ಅಂಗಡಿಗೇ ಹೋಗೋಣ ಅನ್ನುತ್ತಾರೆ. ಅವನ ಅಂಗಡಿ ಮುಂದೆ ಚೀಲ ಇಳಿಸುವುದನ್ನು ನಾನು ಇಲ್ಲಿ ಕೂತು ನೋಡಬೇಕು... ಆಗದು.

ಡಿಸೆಂಬರ್ 12, ಶುಕ್ರವಾರ
ದವಡೆ ಊದಿದೆ. ಎದ್ದಾಗ ನಿಂಬೆಕಾಯಿಯಷ್ಟು. ಒಳಗೆ ಟಪ ಟಪ ಬಡಿದುಕೊಳ್ಳುತ್ತಿದೆ. ಕಸ್ತೂರಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಕೆನ್ನೆಗೆ ಶಾಖ ಕೊಟ್ಟುಕೊಂಡೆ. ಹಾಯೆನಿಸಿತು. ಮೂರು ಸಲ ಕೊಟ್ಟೆ. ಮೆಡಿಕಲ್ಲಿನಲ್ಲಿ ಹೇಳಿ ನೋವಿನ ಮಾತ್ರೆ ತಂದು ನುಂಗಿದೆ.

ಡಿಸೆಂಬರ್ 14, ಭಾನುವಾರ. ಮಧ್ಯಾಹ್ನ
ಊತ ಇಳಿಯಲಿಲ್ಲ, ಕೆಳಗೆ ಹರಡಿತು. ಚರ್ಮ ಕೆಂಪಾಗಿ ಬಿಗಿದಿದೆ. ಬಾಯಿ ಎರಡು ಬೆರಳು ಸಹ ತೆರೆಯುವುದಿಲ್ಲ. ಜ್ವರ. ಅಂಗಡಿ ಬಾಗಿಲು ಅರ್ಧ ಹಾಕಿದ್ದೇನೆ. ಎದುರಿನವನು ಬಂದು ಇಣುಕಿದ.
"ಏನಣ್ಣಾ, ಮುಖ ಹಿಂಗಾಗೈತೆ?"
ಬೆಲ್ಲ ಹೆಚ್ಚು ತಿಂದೆ ಅಂದೆ. ಅವನು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಡಿಸೆಂಬರ್ 15, ಸೋಮವಾರ
ಕಸ್ತೂರಿ ನನ್ನನ್ನು ಕೇಳದೆ ಅವನ ಕಾರು ಕರೆಸಿದಳು. ಚನ್ನಗಿರಿಯವರೆಗೆ ಮುಂದಿನ ಸೀಟಿನಲ್ಲಿ ಟವೆಲ್ ಮುಚ್ಚಿಕೊಂಡು ಕೂತೆ. ಹಿಂದೆ ಇವಳು, "ನೀವು ಇದ್ದಿದ್ದಕ್ಕೆ ಆತು ಷಣ್ಮುಖಪ್ಪ" ಅಂತ ದಾರಿಯುದ್ದಕ್ಕೂ. ನೋವಿಗಿಂತ ಅದೇ ಹೆಚ್ಚು ಚುಚ್ಚಿತು.
ಡಾಕ್ಟರ್ ರೂಪಶ್ರೀ ಅಂತ, ವಯಸ್ಸಿನ್ನೂ ಚಿಕ್ಕದು. ಮೊದಲು ನುಂಗಲು, ಉಸಿರಾಡಲು ತೊಂದರೆ ಇದೆಯಾ ಎಂದು ಕೇಳಿದರು. ಇಲ್ಲ ಅಂದೆ. ದವಡೆಯ ಕೆಳಗೆ, ಕುತ್ತಿಗೆಗೆ ಒತ್ತಿ ನೋಡಿದರು. ಬೆರಳು ಚುಚ್ಚಿ ಶುಗರ್ ನೋಡಿದರು. ಮುನ್ನೂರ ಹದಿನೆಂಟು. ನನಗೆ ಶುಗರ್ ಇದೆ ಎನ್ನುವುದೇ ಗೊತ್ತಿರಲಿಲ್ಲ.
"ಶಾಖ ಕೊಟ್ಟಿದೀರಾ?"
"ಉಪ್ಪಿನ ಗಂಟು, ಮೇಡಂ."
"ಒಳಗೆ ಕೀವು ಇರುವಾಗ ಹೊರಗಿಂದ ಬಿಸಿ ಕೊಟ್ರೆ ಊತ ಹೆಚ್ಚಾಗತೈತ್ರೀ, ಕೀವು ಹೊರಗಡೆ ಕೆನ್ನೆ ಕಡೆಗೆ ಬರತೈತೆ. ಇದು ಕುತ್ತಿಗೆಗೆ ಇಳಿದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸಬೇಕಿತ್ತು ನಿಮ್ಮನ್ನ."
ಕಸ್ತೂರಿಯ ಮುಖ ಬಿಳುಚಿಕೊಂಡಿತು. ಗಂಟು ಕಟ್ಟಿದವಳು ಅವಳು.
ಎಕ್ಸ್‌ರೇ ತೋರಿಸಿದರು. ಹಲ್ಲು ಬಿಳಿ, ಅದರ ಬೇರಿನ ಸುತ್ತ ಕಪ್ಪು. ಕಪ್ಪು ಇರುವ ಕಡೆಯೆಲ್ಲ ಮೂಳೆ ಕರಗಿದೆಯಂತೆ. ಹಲ್ಲಿಗೆ ಏನೂ ಆಗಿಲ್ಲ. ಒಸಡಿನ ಕೆಳಗೆ ವರ್ಷಗಟ್ಟಲೆ ಕೂತು ಕಲ್ಲಾದ ಕೊಳೆ ಒಸಡನ್ನು ಬಿಡಿಸಿ, ಹಲ್ಲು ನಿಂತಿದ್ದ ನೆಲವನ್ನೇ ತಿಂದಿದೆ. ಶುಗರ್ ಅದಕ್ಕೆ ಕೈಜೋಡಿಸಿದೆ. ಅಳತೆ ಗೀಟು ಇರುವ ಸಣ್ಣ ಕಡ್ಡಿ ಒಸಡಿಗೆ ಇಳಿಸಿದರು. ಎಂಟು ಮಿಲಿಮೀಟರ್ ಇಳಿಯಿತು. ಮೂರರ ಒಳಗಿರಬೇಕಂತೆ.
ಬಾಯಿ ತೆರೆಯುತ್ತಿಲ್ಲ, ಶುಗರ್ ಹೆಚ್ಚು, ಇವತ್ತು ಕೀಳುವುದಿಲ್ಲ ಅಂದರು. ಕೀವು ಇರುವ ಜಾಗಕ್ಕೇ ಚುಚ್ಚಿದರೆ ಮದ್ದು ಹಿಡಿಯುವುದಿಲ್ಲವೆಂದು ಹಿಂದೆ, ನರದ ಹತ್ತಿರ ಇಂಜೆಕ್ಷನ್ ಕೊಟ್ಟರು. ತುಟಿ ದಪ್ಪವಾಯಿತು. ಒಸಡಿಗೆ ಸಣ್ಣ ಗೀರು. ಕೀವು ಬಂತು ನೋಡಿ... ನಾತ. ಉಪ್ಪಿನ ನೀರಿನಲ್ಲಿ ತೊಳೆದರು. ಅರ್ಧ ಭಾರ ಅಲ್ಲೇ ಇಳಿಯಿತು. ಐದು ದಿನದ ಮಾತ್ರೆ, ಮಧ್ಯೆ ಬಿಡಬಾರದು. ನಾಳೆಯೇ ಶುಗರ್ ಡಾಕ್ಟರ ಬಳಿ ಹೋಗಬೇಕು. ಊತ ಹೆಚ್ಚಾದರೆ, ನುಂಗಲು ಕಷ್ಟವಾದರೆ ಕಾಯಬಾರದು. ಎಲೆ ಅಡಿಕೆ, ಹೊಗೆಸೊಪ್ಪು ಬಂದ್.
"ಮೊದಲು ಅಲ್ಲಾಡಿದಾಗ್ಲೇ ಬಂದಿದ್ರೆ?" ಕೇಳಿದೆ.
"ಕ್ಲೀನ್ ಮಾಡಿ, ಶುಗರ್ ಹಿಡಿತಕ್ಕೆ ತಂದು ಉಳಿಸಾಕೆ ನೋಡಬೋದಿತ್ತು."
ಹೊರಬರುವಾಗ ಡಾಕ್ಟರು ಷಣ್ಮುಖನ ನಗು ನೋಡಿ, "ನೀವೂ ಒಮ್ಮೆ ತೋರಿಸಿಕೊಳ್ರಿ" ಅಂದರು. "ನನಗೇನಾಗೈತೆ ಮೇಡಂ" ಎಂದು ಮೂವತ್ತೆರಡನ್ನೂ ತೋರಿಸಿದ. ಅಷ್ಟಕ್ಕೇ ಅವನೇ ಗೆದ್ದ ಹಾಗನ್ನಿಸಿತು ನನಗೆ.

ಡಿಸೆಂಬರ್ 19
ಊತ ಇಳಿದಿದೆ. ಶುಗರ್ ಮಾತ್ರೆ ಶುರು. ಮನೆಯಲ್ಲೇ ಇದ್ದೇನೆ. ಅಂಗಡಿ ಯಾರು ನೋಡುತ್ತಿದ್ದಾರೆ ಎಂದರೆ ಕಸ್ತೂರಿ ಮಾತು ತೇಲಿಸಿದಳು. ಕೊನೆಗೆ ಬಾಯಿಬಿಟ್ಟಳು, ಷಣ್ಮುಖಪ್ಪ ಎರಡೂ ಅಂಗಡಿ ನೋಡುತ್ತಿದ್ದಾನಂತೆ. ನನ್ನ ಗದ್ದಿಗೆಯ ಮೇಲೆ ಅವನು! ಹೊಟ್ಟೆ ಉರಿದು ಮಾತ್ರೆ ಬೇಡವೇ ಬೇಡ ಅನ್ನಿಸಿತು. ನುಂಗಿದೆ ಅನ್ನಿ.

ಡಿಸೆಂಬರ್ 24, ಬುಧವಾರ
ಕಿತ್ತರು. ಶುಗರ್ ನೂರ ಐವತ್ತಕ್ಕೆ ಬಂದಿತ್ತು. ಇಂಜೆಕ್ಷನ್ ಆದಮೇಲೆ ಒಸಡಿಗೆ ಚುಚ್ಚಿ, "ಇದು ಒತ್ತಿದಂಗೆ ಅನ್ನಿಸತೈತಾ, ಚುಚ್ಚಿದಂಗಾ?" ಎಂದು ಕೇಳಿದರು. ಒತ್ತಿದ ಹಾಗೆ. ಇಕ್ಕುಳ ಹಿಡಿದು ಅತ್ತ ಇತ್ತ ಎರಡು ಸಲ, ಅಷ್ಟೇ, ಬಂತು. ಇಷ್ಟಕ್ಕಾ ನಾನು ಎರಡು ತಿಂಗಳು ಹೆದರಿದ್ದು. ಗುಳಿಯೊಳಗಿನ ಕೆಟ್ಟ ಮಾಂಸ ಕೆರೆದು ತೆಗೆದರು. ಹಲ್ಲು ತೋರಿಸಿದರು, ಮೇಲೆ ಗಟ್ಟಿಮುಟ್ಟು, ಬೇರಿಗೆ ಕರಿ ಕಲ್ಲು ಅಂಟಿದೆ.
ಹತ್ತಿ ಕಚ್ಚಿ ಮುಕ್ಕಾಲು ಗಂಟೆ. ಇವತ್ತು ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮದ್ದಂತೆ, ಅದು ಕಿತ್ತುಬಂದರೆ ಮತ್ತೆ ನೋವು. ನಲವತ್ತು ವರ್ಷ ಎಲೆ ಅಡಿಕೆ ಹಾಕಿ ಉಗುಳಿದವನಿಗೆ ಉಗುಳಬೇಡ ಎಂದರೆ ಹೇಗಿರುತ್ತದೆ. ತಣ್ಣನೆಯ ಮಜ್ಜಿಗೆ ಅನ್ನ.

ಡಿಸೆಂಬರ್ 29, ಸೋಮವಾರ
ಅಂಗಡಿಗೆ ಬಂದೆ. ಜಗಳಕ್ಕೆ ಸಿದ್ಧನಾಗಿಯೇ ಬಂದೆ. ಹಿಂದಿನ ಕೋಣೆಯಲ್ಲಿ ಒಂಬತ್ತು ಚೀಲ. ನನ್ನ ಚೀಲ, ನನ್ನ ಹೆಸರು ಬರೆದಿದೆ. ನನ್ನ ಗಿರಾಕಿಗಳ ಅಡಿಕೆ, ಒಂದೂ ಅವನ ಕಡೆ ಹೋಗಿಲ್ಲ. ಹೋಳು ಕಡಿದು ನೋಡುವ ಮೊದಲೇ ವಾಸನೆಗೇ ಗೊತ್ತಾಯಿತು. ನಾಲ್ಕು ಚೀಲ ಹಸಿ.
"ಇದನ್ನ ಒಣಗಿದ್ದು ಅಂತ ತಗೊಂಡೆಯಾ?"
ಷಣ್ಮುಖ ತಲೆ ಕೆರೆದುಕೊಂಡ.
"ನಿನ್ನ ಹತ್ರ ಏನ್ ಮುಚ್ಚುಮರೆ ಅಣ್ಣ. ಹಲ್ಲು ಐತೆ, ಕಡಿತೀನಿ, ಏನೂ ತಿಳಿಯಂಗಿಲ್ಲ. ಹನ್ನೆರಡು ವರ್ಷ ಎದುರಿಗೆ ಕೂತ್ಕಂಡು, ನಿನ್ ಹತ್ರ ತೋರ್ಸಿ ನನ್ ಕಡೆ ಬರೋರ ಅಡಿಕೆನ ನಿನ್ ಮುಖ ನೋಡಿನೇ ವ್ಯಾಪಾರ ಮಾಡೀನಿ. ನೀನು ಹುಬ್ಬು ಎತ್ತಿದ್ರೆ ಹಸಿ. ಸುಮ್ನೆ ಇದ್ರೆ ಒಣಗೈತೆ. ನೀನಿಲ್ದೆ ಎರಡು ವಾರ ಕುರುಡ ಆಗ್ಬಿಟ್ಟೆ."
ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುತ್ತಾರಲ್ಲ. ನಾನು ಅವನ ಹಲ್ಲು ನೋಡಿ ಉರಿದೆ, ಅವನು ನನ್ನ ಹುಬ್ಬು ನೋಡಿ ಬದುಕಿದ. ನಗಲು ಹೋದೆ, ಗುಳಿ ಎಳೆಯಿತು.

ಜನವರಿ 3, ಶನಿವಾರ
ಹೊಸ ಪದ್ಧತಿ. ನನಗೆ ಅಡಿಕೆ ಬಂದ್ ಅಲ್ಲವೇ, ಅವನು ಕಡಿಯುತ್ತಾನೆ, ನಾನು ಕಿವಿ ಕೊಡುತ್ತೇನೆ. ದ್ಯಾಮಮ್ಮಜ್ಜಿ ಬಿದ್ದು ಬಿದ್ದು ನಕ್ಕಳು. "ಒಬ್ನ ಬಾಯಿ, ಒಬ್ನ ಕಿವಿ! ಇಬ್ರೂ ಸೇರಿ ಒಂದ್ ಅಂಗಡಿ ಹಾಕ್ರೋ" ಅಂದಳು. ಶಬ್ದ ಸರಿಯಾಗೇ ತಿಳಿಯುತ್ತಿದೆ.
ಆದರೆ ಒಂದು ವಿಷಯ. ಅವನು ಹೋಳನ್ನು ಬಲಕ್ಕೆ ಇಟ್ಟ. ಮುಖ ಒಂದು ಚಣ ಬಿಗಿಯಿತು. ಎಡಕ್ಕೆ ಸರಿಸಿದ. ಆಮೇಲೆ ನಾಲಿಗೆ ಬಲಗಡೆ ಕೆನ್ನೆಯೊಳಗೆ ಏನನ್ನೋ ತಳ್ಳಿತು. ಆ ತಳ್ಳುವುದು ನನಗೆ ಗೊತ್ತು. ನೂರು ಸಲ ತಳ್ಳಿದವನು ನಾನು.
ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ನಿಜ. ಒಳಗೊಳಗೇ ಕುಣಿದೆ. ಮುತ್ತಂತೆ!
ಅವನಿಗೆ ಹೇಳಲಿಲ್ಲ.

ಜನವರಿ 8
ಇವತ್ತೂ ಎಡಕ್ಕೇ ಕಡಿದ. ಚನ್ನಗಿರಿಗೆ ಹೋಗಿದ್ದೆ. ಉಳಿದ ಹಲ್ಲುಗಳಿಂದ ಕಲ್ಲು ತೆಗೆಸಿಕೊಂಡೆ. ಡಾಕ್ಟರು ಮತ್ತೆ ಅಂದರು, ಅಲ್ಲಾಡುವಾಗಲೇ ಬಂದರೆ ಉಳಿಯುತ್ತದೆ ಎಂದು. ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ. ಅಂಗಡಿಗೆ ಬಂದು ಕೂತೆ. ಅವನು ಎದುರಿನಿಂದ ಕೈ ಎತ್ತಿದ. ನಾನೂ ಎತ್ತಿದೆ. ನಾಳೆ ಹೇಳಿದರಾಯಿತು.

ಜನವರಿ 12, ಸೋಮವಾರ. ಬೆಳಗ್ಗೆ 9
ಇವತ್ತು ಅವನು ನಗಲಿಲ್ಲ. ಟವೆಲ್ ಹೆಗಲಿನಿಂದ ಕೆನ್ನೆಗೆ ಬಂದಿದೆ. ನಾಲ್ಕು ದಿನ ನಾಳೆ ನಾಳೆ ಎಂದೆ. ಅವನು ನನ್ನ ಅಂಗಡಿಯಲ್ಲಿ ಎರಡು ವಾರ ಕೂತ, ಒಂದು ಚೀಲವನ್ನೂ ತನ್ನ ಕಡೆ ಎಳೆದುಕೊಳ್ಳಲಿಲ್ಲ. ನಾನು ಒಂದು ಮಾತೂ ಹೇಳಲಿಲ್ಲ.
ಅವನ ಹೆಂಡತಿ ಒಳಗಿನಿಂದ ಬಂದಳು. ಕೈಯಲ್ಲಿ ಬಟ್ಟೆಯ ಗಂಟು, ಬಿಸಿ ತಾಳದೆ ಕೈ ಬದಲಿಸುತ್ತಿದ್ದಾಳೆ. ಉಪ್ಪು. ಅವನು ಕೆನ್ನೆ ಮುಂದೆ ಮಾಡಿದ. ನಾನು ಇಲ್ಲಿಂದಲೇ ಕೂಗಿದೆ, "ಶಾಖ ಕೊಡಬ್ಯಾಡ್ರೀ!" ಬರೆಯುವುದು ಬಿಟ್ಟು ಎದ್ದೆ, ಅವನನ್ನು ಚನ್ನಗಿರಿಗೆ ಕರೆದುಕೊಂಡು ಹೋಗಬೇಕು.