ಸಂಜೆ ಆರರಿಂದ ಎಂಟೂವರೆ

ಬೆಟಗೇರಿ
14 ಸೆಪ್ಟೆಂಬರ್ 2025, ರವಿವಾರ

ಪ್ರೀತಿಯ ಕಾಂಚನಾ ಅಕ್ಕಾ,

ನಮಸ್ಕಾರ. ನೀವು ಹೇಗಿದ್ದೀರಿ ಎಂದು ಕೇಳುವುದಕ್ಕೂ ಭಯವಾಗುತ್ತದೆ, ಆದರೂ ಕೇಳುತ್ತೇನೆ. ಊಟ ಮಾಡುತ್ತಿದ್ದೀರಾ? ಶಾಲೆಗೆ ಹೋಗಲು ಶುರುಮಾಡಿದ್ದೀರಾ? ನಿಮ್ಮ ಅಪ್ಪನ ಹದಿಮೂರನೆಯ ದಿನ ನೋಡಿದಾಗ ನಿಮ್ಮ ಮುಖ ಬಹಳ ಇಳಿದಿತ್ತು. ಮುಂಡರಗಿಗೆ ಹೋದ ಮೇಲೆ ನೀವು ನನ್ನ ಫೋನ್ ಎತ್ತಿಲ್ಲ, ಮೆಸೇಜ್ ನೋಡಿಲ್ಲ. ಅದರಲ್ಲಿ ತಪ್ಪಿಲ್ಲ. ಅದಕ್ಕೇ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ. ನಾನು ಇಂಗ್ಲಿಷ್ ಮೀಡಿಯಂ ಹುಡುಗಿ, ಶಾಲೆ ಬಿಟ್ಟ ಮೇಲೆ ಇಷ್ಟು ಉದ್ದ ಕನ್ನಡ ಕೈಯಿಂದ ಬರೆದದ್ದೇ ಇಲ್ಲ. ಒತ್ತಕ್ಷರ ತಪ್ಪಿದ್ದರೆ ಟೀಚರ್ ಆಗಿ ಓದಬೇಡಿ, ಅಕ್ಕನಾಗಿ ಓದಿ. ನೋಡಿ, ಇಂಥ ಪತ್ರದಲ್ಲೂ ನನಗೆ ಹರಟೆ ಬರುತ್ತದೆ. ನನ್ನ ಅಮ್ಮ ಇದನ್ನೇ ಬಯ್ಯುತ್ತಿದ್ದಳು, ಇವಳ ಬಾಯಿ ಇವಳಿಗಿಂತ ಮುಂದೆ ಓಡುತ್ತದೆ ಎಂದು.

ಪವಮಾನನ ಕೈಹಿಡಿದು ಈ ಮನೆಗೆ ನಾನು ಬಂದು ನಾಲ್ಕು ತಿಂಗಳು. ಮದುವೆಗೆ ಲಕ್ಷ್ಮೇಶ್ವರದ ಮನೆಯಿಂದ ನೀವೊಬ್ಬರೇ ಬಂದಿದ್ದಿರಿ. ನನ್ನ ಕೆನ್ನೆ ಮುಟ್ಟಿ, ಊಟ ಮಾಡದೆ ಹೋದಿರಿ. ನೀವು ಕೊಟ್ಟ ಹಸಿರು ಇಳಕಲ್ ಸೀರೆಯನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ದೊಡ್ಡ ಮಾವನವರು, ನಿಮ್ಮ ಅಪ್ಪ, ಯಾಕೆ ಬರಲಿಲ್ಲ ಎಂದು ಪವಮಾನನನ್ನು ಕೇಳಿದರೆ, ಹಳೆಯದು, ಬಿಡು ಎಂದ. ನಾನೂ ಬಿಟ್ಟೆ. ಅಣ್ಣ ತಮ್ಮಂದಿರು ಒಂದಾಗಿರುವ ತನಕ ಗಣಪತಿ ಹಿರಿಯನ ಮನೆಯಲ್ಲಿ ಒಂದೇ ಕೂರಬೇಕು, ಕಿರಿಯ ತನ್ನ ಮನೆಯಲ್ಲಿ ಬೇರೆ ಗಣಪತಿ ತಂದರೆ ಅದು ಬೇರೆಯಾದೆವೆಂದು ಊರಿಗೆ ಸಾರಿದಂತೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಮಾವನವರು ಇಲ್ಲಿ ಗಣಪತಿ ಕೂರಿಸಿದ್ದು, ದೊಡ್ಡ ಮಾವನವರು ಅಂದಿನಿಂದ ಈ ಹೊಸ್ತಿಲು ತುಳಿಯದೆ ಉಳಿದದ್ದು, ಎಲ್ಲ ನನಗೆ ತಿಳಿದದ್ದು ಸ್ಮಶಾನದಿಂದ ಗಂಡಸರು ಬಂದ ಮೇಲೆ. ಅತ್ತೆಯವರು ಹೇಳಿದರು. ನನಗೆ ಗಣಪತಿ ಎಂದರೆ ಹೂವು, ಲೈಟು, ಮೋದಕ, ಹೊಸ ಸೀರೆ, ಅಷ್ಟೇ ಆಗಿತ್ತು.

ಆ ಆಮಂತ್ರಣ ನನ್ನ ಕೆಲಸ, ಅಕ್ಕಾ. ಹಬ್ಬದ ಹಿಂದಿನ ದಿನ ಇಡೀ ಮಧ್ಯಾಹ್ನ ಕೂತು ಮಾಡಿದೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ, ಅತ್ತೆಯವರು ಇದೇನು ಬ್ಯಾಂಕಿನ ನೋಟೀಸು ಎಂದರು. ಆಮೇಲೆ ಕನ್ನಡದಲ್ಲಿ. ವೇಳೆ ಅತ್ತೆಯವರೇ ಹೇಳಿದ್ದು: ಬೆಳಿಗ್ಗೆ ಮಡಿಯ ಅಡಿಗೆ, ನೈವೇದ್ಯ ಆಗುವಾಗ ಒಂದು ಗಂಟೆ, ಆಮೇಲೆ ಮಾವನವರು ಮಾತ್ರೆ ತೆಗೆದುಕೊಂಡು ಮಲಗಬೇಕು, ಸಂಜೆ ಏಳೂವರೆಗೆ ಮಂಗಳಾರತಿ. ಅದಕ್ಕೆ ಆರರಿಂದ ಎಂಟೂವರೆ. ನೀವು ಓದಿದ್ದೀರಿ, ಆದರೂ ಬರೆಯುತ್ತೇನೆ, ನನಗೆ ಅದು ಬಾಯಿಪಾಠವಾಗಿ ಹೋಗಿದೆ: ‘ನಮ್ಮ ಮನೆಯ ಗಣಪತಿಯ ದರ್ಶನಕ್ಕೆ ತಾವು ಸಕುಟುಂಬ ಬಂದು ಪ್ರಸಾದ ಸ್ವೀಕರಿಸಬೇಕೆಂದು ವಿನಂತಿ. ಐದು ದಿನ, ಸಂಜೆ 6ರಿಂದ 8.30ರವರೆಗೆ. ದಯವಿಟ್ಟು ವೇಳೆ ಪಾಲಿಸಿ ಸಹಕರಿಸಿ. ಕಾಣಿಕೆ ಬೇಡ, ತಮ್ಮ ಆಗಮನವೇ ಉಡುಗೊರೆ. ಇದನ್ನೇ ಖುದ್ದು ಕರೆ ಎಂದು ಭಾವಿಸಿ. ಶ್ರೀಪಾದ ಮತ್ತು ಕುಟುಂಬದವರು.’ ಕೆಳಗೆ ಕೈಮುಗಿದ ಚಿತ್ರ, ಮನೆಯ ಮ್ಯಾಪು. ಓದಿ ಪವಮಾನ ನಕ್ಕ, ‘ವೇಳೆ ಪಾಲಿಸಿ ಅಂದ್ರ ದವಾಖಾನಿ ಬೋರ್ಡ್ ಆತಲ್ಲ ಇದು’ ಎಂದ. ಜನ ಮಧ್ಯಾಹ್ನ ಬಂದರೆ ನೀನು ಎದ್ದು ಕಾಫಿ ಮಾಡುತ್ತೀಯಾ ಎಂದು ನಾನು ಜಗಳ ತೆಗೆದೆ.

ಒಬ್ಬೊಬ್ಬರಿಗೆ ಕಳಿಸುವುದು ಬೇಸರ ಎಂದು ಎಲ್ಲರಿಗೂ ಒಂದೇ ಸಲ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಅದರಲ್ಲಿ ಒಂದು ಕಟ್ಟಳೆ ಇದೆ: ಕಳಿಸುವವರ ನಂಬರನ್ನು ಯಾರು ತಮ್ಮ ಫೋನಿನಲ್ಲಿ ಹೆಸರು ಹಾಕಿ ಇಟ್ಟುಕೊಂಡಿದ್ದಾರೋ ಅವರಿಗಷ್ಟೇ ಮೆಸೇಜ್ ಮುಟ್ಟುತ್ತದೆ. ಹೊಸ ಸೊಸೆಯ ನಂಬರ್ ಯಾರ ಹತ್ತಿರ ಇರುತ್ತದೆ? ಅದಕ್ಕೆ ಮಾವನವರ ಫೋನ್ ಇಸಿದುಕೊಂಡೆ. ಅವರು ಕನ್ನಡಕ ಕೂಡ ಹಾಕಿಕೊಳ್ಳದೆ, ಏನು ಬೇಕೋ ಮಾಡವಾ ಎಂದು ಕೊಟ್ಟರು. ಅದರಲ್ಲಿದ್ದ ನೂರಾ ಎಂಬತ್ತು ಹೆಸರಿಗೂ ಟಿಕ್ ಹಾಕುತ್ತ ಹೋದೆ. ‘ಲಕ್ಷ್ಮೇಶ್ವರ ಅಣ್ಣ’ ಎಂದೂ ಒಂದಿತ್ತು. ಯಾರೋ ಪರಿಚಯದವರು ಎಂದುಕೊಂಡೆ. ಅಕ್ಕಾ, ಬಹಳ ಜನಕ್ಕೆ ಅದು ಮುಟ್ಟಲೇ ಇಲ್ಲ. ನಿಮ್ಮ ಅಪ್ಪನಿಗೆ ಮುಟ್ಟಿತು. ಅಂದರೆ ಹನ್ನೊಂದು ವರ್ಷವೂ ಅವರು ತಮ್ಮನ ನಂಬರ್ ಅಳಿಸಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಅಡಿಗೆಮನೆಯಲ್ಲಿ ನಿಲ್ಲಲು ಆಗುವುದಿಲ್ಲ.

ಚೌತಿಯ ದಿನ ನಲವತ್ತು ಜನ ಬಂದರು. ನಾನು ಹಾರುತ್ತಿದ್ದೆ. ಪಂಚಮಿಯ ದಿನ, ಗುರುವಾರ, ನಿಮ್ಮ ಅಪ್ಪ ಲಕ್ಷ್ಮೇಶ್ವರದಿಂದ ಬಸ್ಸಿಗೆ ಬಂದು ಮಧ್ಯಾಹ್ನವೇ ನಮ್ಮ ಓಣಿಗೆ ಮುಟ್ಟಿದ್ದರು. ಎದುರಿಗೆ ಟೇಲರ್ ನಬಿಸಾಬರ ಅಂಗಡಿ ಇದೆ, ಅದರ ಕಟ್ಟೆಯ ಮೇಲೆ ಕುಳಿತರು. ಮಳೆ ಬಿಟ್ಟು ಬಿಸಿಲು ಚುಚ್ಚುತ್ತಿತ್ತು. ನಬಿಸಾಬರು ನನಗೆ ಎಲ್ಲ ಹೇಳಿದ್ದಾರೆ, ಅದನ್ನು ಹಾಗೇ ಬರೆಯುತ್ತೇನೆ. ನೀರು ಕೊಟ್ಟರಂತೆ, ಕುಡಿದರಂತೆ. ಕುರ್ಚಿ ಒಳಗೆ ಹಾಕುತ್ತೇನೆ ಎಂದರೆ ಬೇಡ, ಇಲ್ಲಿಂದ ಬಾಗಿಲು ಕಾಣುತ್ತದೆ ಎಂದರಂತೆ. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗರಿಕೆ. ಮನೆ ಎದುರಿಗೇ ಇದೆಯಲ್ಲ, ಹೋಗಿ ಮಲಗಿರಿ ಅಜ್ಜಾರ, ಎಂದು ನಬಿಸಾಬರು ಮತ್ತೆ ಮತ್ತೆ ಹೇಳಿದಾಗ ಅವರು ಹೇಳಿದ ಮಾತು ಇದು:

‘ಆರರಿಂದ ಅಂತ ಬರದಾನ ನಮ್ಮ ತಮ್ಮ. ಇಷ್ಟು ವರ್ಷಕ್ಕ ಕರದಾನ, ಅವನ ಮಾತು ನಾ ಮೀರಬಾರದು.’

ಐದು ಗಂಟೆಯ ಮೇಲೆ ಬೆವರುತ್ತಿದ್ದರಂತೆ. ಐದೂವರೆಗೆ ಎದ್ದು ಧೋತರ ಸರಿಮಾಡಿಕೊಂಡರು, ಎರಡು ಹೆಜ್ಜೆ ಇಟ್ಟರು, ಬಿದ್ದರು. ನಬಿಸಾಬರು ಕೂಗಿದಾಗ ನಾನು ಬಾಗಿಲಲ್ಲಿ ರಂಗೋಲಿಗೆ ಬಣ್ಣ ತುಂಬುತ್ತಿದ್ದೆ. ಯಾರೋ ಮುದುಕರು ಎಂದೇ ಓಡಿದೆ. ನಾನು ಅವರ ಮುಖ ಮೊದಲು ನೋಡಿದ್ದು ಹಾಗೆ. ಹಿಂದಿನಿಂದ ಅತ್ತೆಯವರು ‘ಭಾವನವರು’ ಎಂದದ್ದು ಕೇಳಿತು. ಮಾವನವರು ಚಪ್ಪಲಿ ಇಲ್ಲದೆ ಬಂದು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಅಣ್ಣಾ, ನಾ ಶ್ರೀಪಾದ, ನಾ ಶ್ರೀಪಾದ ಎನ್ನುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ನಾನು ಸುಳ್ಳು ಹೇಳಲಾರೆ. ಆಂಬ್ಯುಲೆನ್ಸ್ ಬಂತು. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು.

ಆಮೇಲೆ ಮನೆಯಲ್ಲಿ ನಡೆದದ್ದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸುದ್ದಿ ಕೇಳಿದ ಗಳಿಗೆಯಿಂದ ನಮಗೆ ಸೂತಕ, ಗಣಪತಿಯನ್ನು ಮುಟ್ಟುವಂತಿಲ್ಲ. ಹಚ್ಚಿದ ದೀಪಕ್ಕೆ ಎಣ್ಣೆ ಹಾಕಲೂ ನನ್ನನ್ನು ಬಿಡಲಿಲ್ಲ. ಪಕ್ಕದ ಮನೆಯ ಅಮೃತವ್ವನವರ ಮಗ ವೀರು ಸ್ನಾನ ಮಾಡಿ ಬಂದ, ಓಣಿಯ ಆಚಾರ್ಯರು ಬಾಗಿಲ ಹೊರಗಿನಿಂದ ಮಂತ್ರ ಹೇಳಿದರು, ವೀರು ಗಣಪತಿಯನ್ನು ಎತ್ತಿಕೊಂಡು ಹೋಗಿ ನಗರಸಭೆಯವರು ಇಟ್ಟ ನೀರಿನ ತೊಟ್ಟಿಯಲ್ಲಿ ಬಿಟ್ಟು ಬಂದ. ಐದು ದಿನದ ಗಣಪತಿ ಎರಡನೆಯ ದಿನಕ್ಕೇ. ಜಯಕಾರ ಇಲ್ಲ, ಪಟಾಕಿ ಇಲ್ಲ. ಅದಕ್ಕೂ ಮೊದಲೇ, ಜನ ಬರುತ್ತಾರೆ ಎಂದು ನಾನು ಅದೇ ಲಿಸ್ಟಿಗೆ ಇನ್ನೊಂದು ಮೆಸೇಜ್ ಹಾಕಿದೆ, ಅನಿವಾರ್ಯ ಕಾರಣದಿಂದ ದರ್ಶನ ಇರುವುದಿಲ್ಲ, ಕ್ಷಮೆ ಇರಲಿ ಎಂದು. ನೋಡದೆ ಹೊರಟವರು ಬಂದೇ ಬಂದರು. ರೇಷ್ಮೆ ಉಟ್ಟು, ಮಕ್ಕಳ ಕೈ ಹಿಡಿದು, ಸರಿಯಾಗಿ ಆರು ಗಂಟೆಗೆ. ನಾನು ಗೇಟಿನಲ್ಲಿ ನಿಂತು ಒಬ್ಬೊಬ್ಬರಿಗೆ ಹೇಳಿ ಕಳಿಸಿದೆ. ಆ ಎರಡನೆಯ ಮೆಸೇಜ್ ನಿಮ್ಮ ಅಪ್ಪನ ಫೋನಿಗೂ ಹೋಗಿತ್ತು. ದವಾಖಾನೆಯಲ್ಲಿ ಅದನ್ನು ನೀವು ಓದಿದಿರಿ ಎಂದು ಆಮೇಲೆ ಗೊತ್ತಾಯಿತು.

ಹದಿಮೂರನೆಯ ದಿನ ಎಲೆ ಹಾಕುವ ಮೊದಲು ನೀವು ಆ ಫೋನ್ ಹಿಡಿದು ಎಲ್ಲರ ಮುಂದೆ ಕೇಳಿದಿರಿ. ‘ಕಾಕಾ, ಕರದವರು ನೀವು. ಕರದು ನಮ್ಮಪ್ಪನ್ನ ಬಿಸಲಾಗ ಕುಂಡರಸಿದ್ರೇನು?’ ಮಾವನವರು ತಲೆ ತಗ್ಗಿಸಿ, ನನಗೆ ಗೊತ್ತಿಲ್ಲವಾ ಎಂದರು. ನೀವು ಅದನ್ನು ಸುಳ್ಳು ಎಂದುಕೊಂಡಿರಿ. ತಿಂಗಳ ಮಾಸಿಕಕ್ಕೆ ನೀವು ಬರಬೇಡಿರಿ, ನಾನು ಬೇರೆಯವರಿಂದ ಮಾಡಿಸುತ್ತೇನೆ ಎಂದಿರಿ. ಅದು ಸುಳ್ಳಲ್ಲ, ಅಕ್ಕಾ. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು, ಕೈಯಲ್ಲಿ ಉಪ್ಪಿನ ಬಟ್ಟಲು ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ಮುಂದೆ ಓಡುವ ಹುಡುಗಿ ಆ ಹೊತ್ತು ಬಟ್ಟಲು ಹಿಡಿದು ಅಡಿಗೆಮನೆಗೆ ತಿರುಗಿದಳು.

ನಿನ್ನೆ ಮಾವನವರಿಗೆ ಹೇಳಿದೆ, ಮೆಸೇಜ್ ನಾನು ಕಳಿಸಿದ್ದು ಎಂದು. ಬಯ್ಯುತ್ತಾರೆ ಎಂದುಕೊಂಡೆ. ಕನ್ನಡಕ ತರಿಸಿ ಅದನ್ನು ಎರಡು ಸಲ ಓದಿದರು. ‘ಇದನ್ನ ನಾ ಬರೀಬೇಕಿತ್ತು’ ಎಂದರು. ಆಮೇಲೆ ಊಟ ಬಿಟ್ಟಿದ್ದಾರೆ. ಅವರಿಗೆ ಉಳಿದಿರುವುದು ಅಣ್ಣನ ಕರ್ಮ ಒಂದೇ. ಅದನ್ನು ಕಸಿದುಕೊಳ್ಳಬೇಡಿ. ಸಿಟ್ಟು ನನ್ನ ಮೇಲಿರಲಿ. ನನ್ನನ್ನು ಆ ಮನೆಗೆ ಸೇರಿಸಬೇಡಿ, ಆದರೆ ಅವರನ್ನು ಮಾಸಿಕಕ್ಕೆ ಕರೆಯಿರಿ. ಬರೆದು ಕಳಿಸಬೇಡಿ, ಬಾಯಿಂದ ಕರೆಯಿರಿ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ಕಾಲಿಗೆ ನನ್ನ ತಲೆ ಇಟ್ಟು ಪತ್ರ ನಿಲ್ಲಿಸುತ್ತೇನೆ.

ನಿಮ್ಮ,
ಹರ್ಷಾ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಪವಮಾನ ಪೋಸ್ಟಿಗೆ ಹೋಗಲು ಬಾಗಿಲಲ್ಲಿ ನಿಂತಿದ್ದಾನೆ. ನಿಮ್ಮ ಅಪ್ಪನ ಫೋನಿನಲ್ಲಿ ಆ ಗುರುವಾರ ಎರಡು ಗಂಟೆ ಎಂಟು ನಿಮಿಷಕ್ಕೆ ಮಾವನವರ ನಂಬರಿಗೆ ಹಚ್ಚಿದ ಒಂದು ಕಾಲ್ ಇದೆ, ಒಂದು ನಿಮಿಷಕ್ಕೂ ಕಡಿಮೆ. ನೀವು ನೋಡಿರಬೇಕು, ಮಾವನವರು ಮಾತಾಡಿದರು ಎಂದುಕೊಂಡಿರಬೇಕು. ಅವರು ಮಲಗಿದ್ದರು. ಫೋನ್ ನನ್ನ ಹತ್ತಿರ ಇತ್ತು. ಶ್ರೀಪಾದ ಇದ್ದಾನೇನು ಎಂದು ಕೇಳಿದರು. ಮಲಗಿದ್ದಾರೆ ಎಂದೆ. ಎಬ್ಬಿಸಬೇಡ, ನಾನು ಸ್ವಲ್ಪ ಮೊದಲೇ ಬಂದೀನಿ, ಒಳಗೆ ಬರಬಹುದೇನವಾ ಎಂದರು. ಯಾರು ಎಂದು ನಾನು ಕೇಳಲಿಲ್ಲ, ಫೋನಿನ ಮೇಲೆ ಬಂದ ಹೆಸರನ್ನೂ ನೋಡಿರಲಿಲ್ಲ. ‘ಸಾರಿ ಅಂಕಲ್, ವಿಸಿಟಿಂಗ್ ಟೈಮ್ ಆರಕ್ಕ ಐತಿ, ದಯವಿಟ್ಟು ಆವಾಗ ಬರ್ರಿ’ ಎಂದೆ, ನಗುತ್ತಾ. ಆಗಲಿ ಎಂದು ಇಟ್ಟರು. ನಮ್ಮ ಫೋನಿನಿಂದ ಆ ಕಾಲನ್ನು ಅಂದೇ ಅಳಿಸಿದೆ. ಈ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.