ಕೆಂಪಿಗೆ ಬಿದ್ದ ಮುಳ್ಳು

ಮನೆಯಿಂದ,
ಭಾನುವಾರ, ಹದಿನೆಂಟನೇ ತಾರೀಖು

ನನ್ನ ಮುದ್ದು ಮಗನೇ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಬಿಸಿನೀರು ಕುಡಿಯುತ್ತಿದ್ದೀಯಾ, ಇಲ್ಲ ಗೆಳೆಯರ ಜೊತೆ ತಣ್ಣೀರೇ ಗಟಗಟ ಇಳಿಸುತ್ತಿದ್ದೀಯಾ? ನಿನ್ನಮ್ಮ ಈ ಪ್ರಶ್ನೆಯನ್ನು ಎರಡು ಸಲ ಬರೆಯಲು ಹೇಳಿದ್ದಾಳೆ. ಒಂದೇ ಸಲ ಬರೆದಿದ್ದೇನೆ, ಎರಡು ಸಲ ಓದಿಕೋ. ಇಲ್ಲಿ ನಾವಿಬ್ಬರೂ ದೇವರ ದಯೆಯಿಂದ ಇದ್ದೇವೆ. ಅವಳ ಮಂಡಿನೋವು ಮಾತ್ರ ಮನೆಯ ಮೂರನೇ ಮನುಷ್ಯನ ಹಾಗೆ ಖಾಯಂ ಆಗಿಬಿಟ್ಟಿದೆ.

ನಿನ್ನ ಕಾಗದ ಗುರುವಾರ ಕೈಸೇರಿತು. ಹಾಸ್ಟೆಲಿನ ಫೋನಿನಲ್ಲಿ ಮಾತಾಡಿದರೆ ಸಾಲಿನಲ್ಲಿ ನಿಂತ ಹುಡುಗರೆಲ್ಲ ಕೇಳಿಸಿಕೊಳ್ಳುತ್ತಾರೆ ಎಂದು ನೀನು ಬರೆದದ್ದು ಸರಿಯೇ. ಆದ್ದರಿಂದ ನಾನೂ ಬರೆಯುತ್ತಿದ್ದೇನೆ. ಮೂರು ದಿನ ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ನಿನ್ನಮ್ಮನಿಗೆ ನಿನ್ನೆ ಓದಿ ಹೇಳಿದೆ. ಕೇಳಿ ಅವಳು ಎದ್ದು ಹೋಗಿ ದೇವರ ಮುಂದೆ ಕೂತವಳು ಊಟಕ್ಕೂ ಬರಲಿಲ್ಲ.

ಪಂದ್ಯ ಗೆದ್ದ ದಿನ ಗೆಳೆಯರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು, ಆ ಕುಣಿತದಲ್ಲೇ ಹಾಸ್ಟೆಲಿನ ಅಡುಗೆಮನೆಯ ಬಾಗಿಲಿನ ಪಕ್ಕದ ಬೆಂಕಿ ಆರಿಸುವ ಸಿಲಿಂಡರನ್ನು ಇಳಿಸಿ "ಎರಡೇ ಎರಡು ಸಲ" ಬಿಳಿ ಪುಡಿ ಹಾರಿಸಿದೆವು, ಆಮೇಲೆ ಪಿನ್ನು ಸಿಕ್ಕಿಸಿ, ಹರಿದ ಸೀಲಿನ ಜಾಗಕ್ಕೆ ದಾರ ಕಟ್ಟಿ ತೂಗುಹಾಕಿದೆವು, ಒಳಗೆ ಇನ್ನೂ ತುಂಬಾ ಇತ್ತಲ್ಲ ಅಂದುಕೊಂಡೆವು ಎಂದು ಬರೆದಿದ್ದೀಯ. ಹದಿನೆಂಟು ವರ್ಷ ಇದೇ ಸಿಲಿಂಡರುಗಳಿಗೆ ಪುಡಿ ತುಂಬಿ ಹೊಟ್ಟೆ ಹೊರೆದವನ ಮಗ ನೀನು. ನಿನಗೆ ಇದನ್ನು ಹೇಳಿಕೊಡದೇ ಹೋದೆನಲ್ಲ. ಪುಡಿ ತಾನಾಗಿ ಹೊರಗೆ ಬರುವುದಿಲ್ಲ ಮಗು, ಒಳಗೆ ಒತ್ತಿ ತುಂಬಿದ ಗಾಳಿ ಅದನ್ನು ದೂಡುತ್ತದೆ. ಹಿಡಿಕೆ ಒಂದು ಸಲ ಒತ್ತಿಬಿಟ್ಟರೆ ಸಾಕು, ಹಿಟ್ಟಿನಂಥ ಪುಡಿ ವಾಲ್ವಿನ ಬಾಯಲ್ಲಿ ಕೂತು ಅದು ಮತ್ತೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಸದ್ದಿಲ್ಲದೆ ಗಾಳಿ ಸೋರುತ್ತದೆ. ಒಂದು ವಾರದೊಳಗೆ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಿನಿಂದ ಕೆಂಪಿಗೆ ಬೀಳುತ್ತದೆ. ಪುಡಿ ಒಳಗೇ ಇರುವುದರಿಂದ ಎತ್ತಿದರೆ ಭಾರ ಇದ್ದಷ್ಟೇ ಇರುತ್ತದೆ. ನೋಡಲು ಗಟ್ಟಿಮುಟ್ಟು, ಒಳಗೆ ಉಸಿರೇ ಇಲ್ಲ.

ಮೂರು ವಾರದ ನಂತರ ಒಲೆಯ ಪಕ್ಕದ ಬಟ್ಟೆಗೆ, ಬಟ್ಟೆಯಿಂದ ಮರದ ಕಪಾಟಿಗೆ ಬೆಂಕಿ ಹತ್ತಿದಾಗ ಅಡುಗೆಯಣ್ಣ ಓಡಿಬಂದು ಎಳೆದುಕೊಂಡದ್ದು ಅದನ್ನೇ. ಪಿನ್ನು ಕಿತ್ತ, ಒತ್ತಿದ, ಏನೂ ಬರಲಿಲ್ಲ. ಆಮೇಲೆ ಬರಿಗೈಯಲ್ಲೇ ಕಪಾಟನ್ನು ಎಳೆದು ಕೆಡವಿದ. ಮಲಗಿದ್ದ ನೀವು ಅರವತ್ತು ಹುಡುಗರು ಹೊರಗೆ ಬಂದಿರಿ.

ಶುಕ್ರವಾರ ನಾನು ಆಸ್ಪತ್ರೆಗೆ ಹೋಗಿ ಅವನನ್ನು ನೋಡಿದೆ. ನಿನಗೆ ಹೇಳಿರಲಿಲ್ಲ. ಎರಡೂ ಕೈ ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿವೆ. ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಾನು ಯಾರೆಂದು ಹೇಳಿದ್ದೇ ತಡ, ಅವನ ಮುಖ ಅರಳಿತು. "ನಿಮ್ಮ ಹುಡ್ಗನಾ? ಬಡಿಸುವಾಗ ಎರಡನೇ ಸಲ ಕೇಳೋಕೂ ನಾಚ್ಕೋತಾನೆ ಸಾರ್, ನಾನೇ ಹಾಕ್ತೀನಿ" ಅಂದ. ಆಮೇಲೆ ದನಿ ತಗ್ಗಿಸಿ, "ಪಿನ್ನು ಸರಿಯಾಗಿ ಎಳೀಲಿಲ್ವೇನೋ ಸಾರ್ ನಾನು. ಗಾಬರೀಲಿ ಎಡವಟ್ಟು ಮಾಡ್ಕೊಂಡೆ. ನೀವು ಇದೇ ಕೆಲಸದೋರು, ಹೇಳಿ, ಎಷ್ಟು ಜೋರಾಗಿ ಎಳೀಬೇಕಿತ್ತು?" ಎಂದು ಕೇಳಿದ.  ಕೈ ಸುಟ್ಟುಕೊಂಡವನು ತಪ್ಪನ್ನೂ ತನ್ನಲ್ಲೇ ಹುಡುಕುತ್ತಾ ಮಲಗಿದ್ದಾನೆ.

ವಾರ್ಡನ್ ಹೇಳುವುದು ಬೇರೆ. ಅಡುಗೆಯವನು ತಪಾಸಣೆಯಾದ ಮೇಲೆ ಯಾವಾಗಲೋ ಸಿಲಿಂಡರನ್ನು ಬಳಸಿ, ಬೈಗುಳಕ್ಕೆ ಹೆದರಿ ಮುಚ್ಚಿಟ್ಟಿದ್ದಾನಂತೆ. ಏಕೆಂದರೆ ತಪಾಸಣೆಯ ಚೀಟಿಯಲ್ಲಿ 'ಸರಿ ಇದೆ' ಎಂದು ಬರೆದಿದೆ. ಚೀಟಿ ಸತ್ಯವಾದರೆ ಅವನು ಸುಳ್ಳ. ಬುಧವಾರದ ವಿಚಾರಣೆಯಲ್ಲಿ ಅವನ ಕೆಲಸ ಹೋಗುತ್ತದೆ, ಆಸ್ಪತ್ರೆಯ ಖರ್ಚೂ ಅವನ ತಲೆಗೇ ಬೀಳುತ್ತದೆ.

ಆ ಚೀಟಿಯ ಸಹಿ ಯಾರದೆಂದು ನಿನಗೆ ಗೊತ್ತು. ನಿನ್ನ ಕಾಗದದಲ್ಲಿ ಅದರ ಮಾತೇ ಇಲ್ಲ. ಅಪ್ಪನನ್ನು ಉಳಿಸಲೆಂದು ಬರೆಯದೆ ಬಿಟ್ಟೆಯಾ, ಮಗನೇ? ಹಾಗೆ ಬಿಡಬೇಡ.

ನಾನು ತಪಾಸಣೆಗೆ ಬಂದದ್ದು ಪಂದ್ಯದ ಒಂಬತ್ತು ದಿನದ ನಂತರ. ಅದಕ್ಕೂ ಹಿಂದಿನ ಸಲ ಬಂದಾಗ ಒಂದೊಂದನ್ನೂ ಗೋಡೆಯಿಂದ ಇಳಿಸಿ, ಮುಳ್ಳು ನೋಡಿ, ಸೀಲು ನೋಡಿ, ಗಟ್ಟಿಯಾದ ಪುಡಿ ಸಡಿಲವಾಗಲೆಂದು ತಲೆಕೆಳಗು ಮಾಡಿ ಅಲ್ಲಾಡಿಸಿದ್ದೆ. ಮಂಚ ಸರಿಸಿ, ಪೆಟ್ಟಿಗೆ ಎತ್ತಿ ಎಂದು ಹುಡುಗರನ್ನು ಗೋಳುಹೊಯ್ದುಕೊಂಡಿದ್ದೆ. ಅವರು ಮುಖ ಸಿಂಡರಿಸಿದ್ದರು. ನೀನು ಹತ್ತಿರ ಬಂದು "ಬೇಗ ಮುಗ್ಸಪ್ಪಾ, ಎಲ್ರೂ ನಗ್ತಿದಾರೆ" ಅಂದಿದ್ದೆ. ಆ ಮಾತು ನನ್ನೊಳಗೆ ನಾಟಿಕೊಂಡಿತ್ತು. ಈ ಸಲ "ಲೀಡರ್ ಅಪ್ಪ ಬಂದ್ರು" ಎಂದು ಟೀ ತಂದುಕೊಟ್ಟರು, ಕುರ್ಚಿ ಹಾಕಿದರು, ಬೆಂಕಿ ಅನಾಹುತಗಳ ಕಥೆ ಹೇಳಿ ಎಂದು ಸುತ್ತ ಕೂತರು. ನಿನ್ನ ಕಣ್ಣಲ್ಲಿ ನನ್ನ ಬಗ್ಗೆ ಹೆಮ್ಮೆ ಕಂಡೆ. ಉಬ್ಬಿಹೋದೆ. ನಾಲ್ಕು ಸಿಲಿಂಡರು ನೋಡಿ, ಉಳಿದ ಹತ್ತನ್ನು ನಿಂತಲ್ಲೇ ಕೈಯಿಂದ ಸ್ವಲ್ಪ ಎತ್ತಿ ಭಾರ ನೋಡಿಬಿಟ್ಟೆ. ಅಡುಗೆಮನೆಯದರ ಗೇಜು ಗೋಡೆಯ ಕಡೆಗೆ ತಿರುಗಿತ್ತು. ತಿರುಗಿಸಲು ಎರಡು ಬೆರಳು ಸಾಕಿತ್ತು. ಟೀ ಆರುತ್ತದೆ ಎಂದು ಯಾರೋ ಕರೆದರು, ಹೋದೆ. ಚೀಟಿಗಳಿಗೆ ಕೂತಲ್ಲೇ ಸಹಿ ಹಾಕಿದೆ.

ಹದಿನೈದರ ಹುಡುಗ ಹೊಗಳಿಕೆಗೆ ಸೋಲುವುದು ಹೊಸದಲ್ಲ. ಐವತ್ತರ ಗಂಡಸು ಹುಡುಗರ ಹೊಗಳಿಕೆಗೆ ಸೋತನಲ್ಲ, ಅದಕ್ಕೇನನ್ನಬೇಕು? ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಅಪ್ಪನಾದ್ದರಿಂದ ಹೇಳುತ್ತೇನೆ.

"ನಾವು ಒತ್ತಿದೆವು" ಎಂದು ಬರೆದಿದ್ದೀಯ. ಆ ಹಿಡಿಕೆಯ ಅಳತೆ ನನಗೆ ಗೊತ್ತು, ಅದಕ್ಕೆ ಹಿಡಿಸುವುದು ಒಂದೇ ಕೈ. ಯಾರ ಕೈ ಎಂದು ನಾನು ಊಹಿಸಲು ಹೋಗುವುದಿಲ್ಲ. ಹನ್ನೆರಡು ಜನ ಬಾಯಿ ಬಿಡಬಾರದೆಂದು ಆಣೆ ಮಾಡಿಕೊಂಡಿದ್ದೇವೆ, ಹೇಳಿದವನ ಜೊತೆ ಯಾರೂ ಮಾತಾಡುವುದಿಲ್ಲ, ಲೀಡರ್ ಪಟ್ಟವೂ ಹೋಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀಯ. ಹೋಗುತ್ತದೆ ಕಂದಾ. ಹಾಗಾಗುವುದಿಲ್ಲ, ಎಲ್ಲರೂ ಭೇಷ್ ಎನ್ನುತ್ತಾರೆ ಎಂದು ನಾನು ಬೆಣ್ಣೆ ಹಚ್ಚುವುದಿಲ್ಲ. ಊಟದ ಸಾಲಿನಲ್ಲಿ ನಿನ್ನ ಎಡಬಲ ಖಾಲಿ ಇರುತ್ತದೆ. ಚಾಡಿಕೋರ ಎನ್ನುತ್ತಾರೆ. ವರ್ಷಪೂರ್ತಿ ನಡೆಯಬಹುದು. ಬೇರೆಯವರ ಹೆಸರು ಹೇಳು ಎಂದು ನಾನು ಕೇಳುತ್ತಿಲ್ಲ. ನಿನ್ನ ಕೈ ಮಾಡಿದ್ದನ್ನು ನೀನು ಹೇಳು. ದೇವರು ಮೆಚ್ಚುತ್ತಾನೋ ಇಲ್ಲವೋ ಅವನಿಗೇ ಬಿಡೋಣ. ಆ ಮನುಷ್ಯ ತಾನು ಪಿನ್ನು ಸರಿಯಾಗಿ ಎಳೆದಿದ್ದೆ ಎಂದು ತಿಳಿದುಕೊಂಡು ಮಲಗಲಿ. ಅಷ್ಟು ಸಾಕು.

ಅಮ್ಮ ಸ್ವೆಟರು ಕಳಿಸಿದ್ದಾಳೆ, ಕತ್ತಿನ ಗುಂಡಿ ಹಾಕಿಕೋ. ದೇವರು ನಿನ್ನ ನಾಲಗೆಗೆ ಬಲ ಕೊಡಲಿ.

ನಿನ್ನ
ಅಪ್ಪ

ಮರೆತ ಮಾತು: ನಮ್ಮ ಸಿಲಿಂಡರ್ ಅಂಗಡಿಯ ವ್ಯಾನಿನವನು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇವನ ಕೈಯಲ್ಲೇ ಇನ್ನೊಂದು ಲಕೋಟೆ ವಾರ್ಡನ್ನಿಗೆ ಹೋಗುತ್ತಿದೆ. ನೋಡದೆ ಸಹಿ ಹಾಕಿದೆ ಎಂದು ಅದರಲ್ಲಿ ಬರೆದುಕೊಟ್ಟಿದ್ದೇನೆ. ಮಾಲೀಕರಿಗೂ ಹೇಳಿದೆ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ನಿನ್ನ ವಿಷಯ ಆ ಕಾಗದದಲ್ಲಿಲ್ಲ. ಆದರೆ ಬುಧವಾರ ಹತ್ತಕ್ಕೆ ನನ್ನನ್ನೂ ಕರೆದಿದ್ದಾರೆ. ಯಾರು ಒತ್ತಿದ್ದು, ನಿಮಗೇನಾದರೂ ಗೊತ್ತಾ ಎಂದು ಕೇಳಿಯೇ ಕೇಳುತ್ತಾರೆ. ನಿನಗೋಸ್ಕರವೂ ನಾನು ಗೊತ್ತಿಲ್ಲ ಎನ್ನಲಾರೆ. ಒಂಬತ್ತೂವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಅವರು ನನ್ನನ್ನು ಕೇಳುವ ಮೊದಲು ನೀನು ಬಾ.