ಹೆಚ್ಚು ಕಾಯಿಸಿದ ಉಕ್ಕು

ನಾಚಾರಂ, ಹೈದರಾಬಾದ್
೧೬ ಜೂನ್ ೨೦೨೪

ಪ್ರೀತಿಯ ಸುವರ್ಣಾ,

ಹನ್ನೊಂದು ತಿಂಗಳಿಂದ ನಿನ್ನ ಫೋನ್ ಎತ್ತದವಳು ಕಾಗದ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ನನಗೆ ಧೈರ್ಯವಿಲ್ಲ.

ಹೋದ ಭಾನುವಾರ ಉಪ್ಪಲ್ ಮೆಟ್ರೋ ಮೆಟ್ಟಿಲ ಹತ್ತಿರ ನಿಮ್ಮಪ್ಪ ಅಮರೇಶಪ್ಪನವರು ಸಿಕ್ಕಿದ್ದರು. ನಾನು ಮುಖ ತಿರುಗಿಸಿಕೊಂಡು ಹೊರಟಿದ್ದೆ, ಅವರೇ ಕರೆದು ಮಾತಾಡಿಸಿದರು. "ಆರಾಮ ಅದೀರೇನ್ರಿ? ನಿಮ್ಮಿಂದ ನಮಗ ಖರೇ ಸಂಗತಿ ತಿಳೀತ್ರಿ. ಇಲ್ಲಾಂದ್ರ ಸಾಯೂತನಾ ಸುಳ್ಳು ಹೇಳ್ಕೋತ ತಿರುಗತಿದ್ದೆ," ಅಂದರು. ಕಾಲೇಜಿನ ದಿನದಿಂದ ನನ್ನನ್ನು "ಯವ್ವಾ" ಎಂದು ಏಕವಚನದಲ್ಲಿ ಕರೆದವರು ಅಂದು ಬಹುವಚನ ಹಚ್ಚಿದರು. ಅವತ್ತಿನಿಂದ ನನಗೆ ಊಟ ರುಚಿಸುತ್ತಿಲ್ಲ.

ನಿನ್ನ ಮುತ್ತಜ್ಜ ಉಕ್ಕಿಗೆ ಹೆಸರಾದ ಕೋನಸಮುದ್ರಂನಿಂದ ತಂದಿಟ್ಟಿದ್ದ ಉಕ್ಕಿನ ಗಟ್ಟಿಯನ್ನು ಅಮರೇಶಪ್ಪನವರು ನನ್ನ ಕೈಗೆ ಕೊಟ್ಟ ದಿನ ನಿನಗೆ ನೆನಪಿರಬೇಕು. ಅಂಗೈಯಲ್ಲಿ ಕೂರುವಷ್ಟು, ಅರ್ಧ ಹೋಳು ಮಾಡಿದ ತೆಂಗಿನಕಾಯಿಯಂಥದ್ದು. ಕಮ್ಮಾರಿಕೆಯ ತಮ್ಮ ಬಲಗೈಗೆ ಲಕ್ವ ಹೊಡೆದಿದ್ದರಿಂದ, ತಾರ್ನಾಕದ ಹಳೇ ಉಕ್ಕಿನ ಪ್ರದರ್ಶನಕ್ಕೆ ಅದರಿಂದ ಒಂದು ಚಾಕು ಬಡಿದುಕೊಡು ಎಂದರು. ನಮ್ಮ ಕಾರ್ಖಾನೆಯಲ್ಲಿ ಕೂತು ಎಲ್ಲ ವಿವರಿಸಿದರು: ಭತ್ತದ ಹೊಟ್ಟು ಕಲಸಿದ ಮಣ್ಣಿನ ಮೂಸೆ, ಅದರೊಳಗೆ ಮೆದು ಕಬ್ಬಿಣದ ಚೂರು, ತಂಗಡಿ ಕಟ್ಟಿಗೆ, ಎಕ್ಕದ ಎಲೆ, ಬಾಯಿಗೆ ಮಣ್ಣು ಮೆತ್ತಿ ಒಂದು ಹಗಲು ಒಂದು ರಾತ್ರಿ ತಿದಿ ಊದುವುದು. ಕಟ್ಟಿಗೆಯ ಇದ್ದಲಿನ ಸತ್ವವನ್ನು ಕಬ್ಬಿಣ ಕುಡಿದು ನೀರಾಗುತ್ತದೆ, ಆಮೇಲೆ ಕುಲುಮೆಯೊಳಗೇ ನಿಧಾನ ಆರಬೇಕು. ಇರಾನಿನ ವ್ಯಾಪಾರಿಗಳು ಕೋನಸಮುದ್ರಂನಲ್ಲೇ ತಿಂಗಳುಗಟ್ಟಲೆ ಕಾದು ಕೂತು, ಒಂದೊಂದೇ ಗಟ್ಟಿ ಪರೀಕ್ಷಿಸಿ ಒಯ್ಯುತ್ತಿದ್ದರಂತೆ. ಕೊನೆಗೆ ಅವರು ಬೆರಳೆತ್ತಿ ಹೇಳಿದ್ದು ಒಂದೇ ಮಾತು: "ಕೆಂಪಿನ್ಯಾಗ ಬಡೀಬೇಕ ಯವ್ವಾ. ಹಳದಿಗೆ ಹೋಗಬಾರದು."

ನಾನು ತಲೆಯಾಡಿಸಿದೆ. ಅವರು ಚಹಾಕ್ಕೆ ಹೊರಗೆ ಹೋದಾಗ ಗಟ್ಟಿಯನ್ನು ಗ್ಯಾಸ್ ಕುಲುಮೆಗೆ ಹಾಕಿ, ದಿನಾ ನಮ್ಮ ಉಕ್ಕಿಗೆ ಇಡುವ ಸಾವಿರದ ಇನ್ನೂರು ಡಿಗ್ರಿಗೇ, ಅಂದರೆ ಹಳದಿಗೇ, ಇಟ್ಟೆ. ಮುದುಕರ ಕಣ್ಣಿಗಿಂತ ನನ್ನ ಮೀಟರ್ ದೊಡ್ಡದೆಂದು ತಿಳಿದೆ. ಯಂತ್ರದ ಸುತ್ತಿಗೆಯ ಮೊದಲ ಪೆಟ್ಟಿಗೇ ಅದು ಬೆಲ್ಲದ ಅಚ್ಚಿನಂತೆ ಪುಡಿಯಾಯಿತು.

ಅವರು ಓಡಿಬಂದರು. ಏನಾತು ಅಂದರು. ಕೆಲಸಗಾರರೆಲ್ಲ ನಿಂತಿದ್ದರು, ನನ್ನ ಕೈಕೆಳಗಿನವರು. "ಇದು ಉಕ್ಕೇ ಅಲ್ಲ ಕಾಕಾ, ಬೀಡು ಕಬ್ಬಿಣ. ನಿಮ್ಮ ಅಜ್ಜನವರಿಗೆ ಯಾರೋ ಮೋಸ ಮಾಡಿದಾರ," ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಅವರ ಅಂಗಡಿ ಮುಂದೆ ಮೂರು ತಲೆಮಾರು ಮಳೆಗೆ ನೆಂದರೂ ತುಕ್ಕು ಹಿಡಿಯದ ಆ ಹಳೇ ಸರಪಳಿಯೂ ಎಣ್ಣೆಯ ಕರಾಮತ್ತು ಎಂದೆ. ಅವರು ಎಡಗೈಯಿಂದ ಚೂರುಗಳನ್ನು ಒಂದೊಂದಾಗಿ ಆರಿಸಿ ಟವಲಿನಲ್ಲಿ ಕಟ್ಟಿಕೊಂಡರು. ಮರುದಿನ ತಾವೇ ತಾರ್ನಾಕಕ್ಕೆ ಹೋಗಿ, ನಮ್ಮದು ಖೊಟ್ಟಿ ಮಾಲು ಎಂದು ಹೇಳಿ ಹೆಸರು ತೆಗೆಸಿ ಬಂದರೆಂದು ನೀನೇ ಫೋನಿನಲ್ಲಿ ಅತ್ತಿದ್ದೆ. ನಾನು ಸಮಾಧಾನ ಹೇಳಿದ್ದೆ, ನೆನಪಿದೆಯಾ?

ಸುತ್ತಿಗೆಯ ಕೆಳಗೆ ಹಾರಿಬಿದ್ದ ಎರಡು ಚೂರು ನನ್ನ ಹತ್ತಿರ ಉಳಿದಿದ್ದವು. ಈಗ ಪರೀಕ್ಷೆ ಮಾಡಿಸಿದೆ. ನೂರಕ್ಕೆ ಒಂದೂವರೆ ಪಾಲು ಇಂಗಾಲ, ಅಪ್ಪಟ ಮೂಸೆಯ ಉಕ್ಕು. ಇಷ್ಟು ಇಂಗಾಲವಿದ್ದರೆ ಅತಿ ಕಾವಿನಲ್ಲಿ ಹರಳುಗಳ ನಡುವಿನ ಅಂಚು ಮೊದಲು ಕರಗುತ್ತದೆ, ಆಮೇಲೆ ಪೆಟ್ಟು ತಾಳುವುದಿಲ್ಲ. ಗಟ್ಟಿಯ ತಪ್ಪಲ್ಲ, ನನ್ನದು. ಉಳಿದ ಚೂರನ್ನು ಕೆಂಪು ದಾಟಿಸದೆ, ಸಣ್ಣ ಸುತ್ತಿಗೆಯಿಂದ ನೂರು ಸಲ ಕಾಯಿಸಿ ಬಡಿದೆ. ಉಜ್ಜಿ ಆಮ್ಲ ಹಚ್ಚಿದಾಗ ಹರಿವ ನೀರಿನಂಥ ಗೆರೆಗಳು ಎದ್ದವು. ಆ ಗೆರೆಗಾಗಿಯೇ ಇರಾನಿಯರು ಬರುತ್ತಿದ್ದದ್ದು.

ಸರಪಳಿಯಿಂದ ನೀನು ಹಿಂದೊಮ್ಮೆ ಕೊಟ್ಟಿದ್ದ ಮುರುಕು ಕೊಂಡಿಯನ್ನೂ ನೋಡಿಸಿದೆ. ಸುಣ್ಣದ ಕಲ್ಲು ಹಾಕದೆ ಬರೀ ಇದ್ದಲಿನಲ್ಲಿ ತೆಗೆದ ಕಬ್ಬಿಣ, ಹೀಗಾಗಿ ರಂಜಕ ಅದರಲ್ಲೇ ಉಳಿದಿದೆ. ನಾವು ಅದನ್ನು ದೋಷವೆಂದು ತೆಗೆದುಹಾಕುತ್ತೇವೆ, ಚಳಿಯಲ್ಲಿ ಬಿರುಕು ಬಿಡುತ್ತದೆಂದು. ಆದರೆ ನೆಂದು ಒಣಗುತ್ತ ಹೋದಂತೆ ಅದೇ ರಂಜಕ ತೆಳು ಪೊರೆ ಕಟ್ಟಿ, ತುಕ್ಕು ಒಳಗಿಳಿಯದಂತೆ ತಡೆಯುತ್ತದೆ.

ವರದಿ, ಗೆರೆ ಎದ್ದ ಆ ಪಟ್ಟಿ, ಎರಡನ್ನೂ ಇದರೊಂದಿಗೆ ಕಳಿಸಿದ್ದೇನೆ. ತಾರ್ನಾಕದವರಿಗೆ ನನ್ನ ತಪ್ಪನ್ನು ಸಹಿ ಹಾಕಿ ಬರೆದುಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ಕೆಲಸಗಾರರನ್ನೆಲ್ಲ ನಿಲ್ಲಿಸಿಕೊಂಡು ಅವರಿಗೂ ಹೇಳುತ್ತೇನೆ. ಅಪ್ಪನಿಗೆ ಇದನ್ನು ನೀನೇ ಓದಿ ಹೇಳು. ಅವರು ಬಾ ಎಂದರೆ ಬರುತ್ತೇನೆ, ಬೇಡವೆಂದರೆ ಅದೂ ಸರಿ.

ನಿನ್ನ ಸ್ನೇಹಕ್ಕೆ ಅರ್ಹಳಲ್ಲದ,
ಹರ್ಷದಾ

ತಾ.ಕ.: ವರದಿಯ ಮೇಲಿನ ತಾರೀಖು ನೀನು ನೋಡೇ ನೋಡುತ್ತೀ. "ಈಗ ಪರೀಕ್ಷೆ ಮಾಡಿಸಿದೆ" ಎಂದು ಮೇಲೆ ಬರೆದದ್ದು ಸುಳ್ಳು. ಮಾಡಿಸಿದ್ದು ಹೋದ ವರ್ಷ ಜುಲೈ ಹನ್ನೊಂದಕ್ಕೆ, ಗಟ್ಟಿ ಒಡೆದ ಮರುದಿನ. ಅಪ್ಪ ತಾರ್ನಾಕದಲ್ಲಿ ಹೆಸರು ತೆಗೆಸುತ್ತಿದ್ದ ಹೊತ್ತಿಗೆ ಫಲಿತಾಂಶ ನನ್ನ ಕೈಯಲ್ಲಿತ್ತು.